ಬಜೆಟ್ ಹಾಳೆಯಲ್ಲಿ ನಮ್ಮ ಸಾಲು ಎಲ್ಲಿದೆ?

ನನಗೆ ಬೈಪೋಲಾರ್ ಕಾಯಿಲೆ ಇದೆ. ಹದಿನಾಲ್ಕು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇಲ್ಲಿ ತುಂಬಾ ಜನಕ್ಕೆ ಅದು ಗೊತ್ತು. ಇವತ್ತು ಬರೆಯುತ್ತಿರುವುದು ಕಾಯಿಲೆ ಬಗ್ಗೆ ಅಲ್ಲ, ನಾನು ಮಾಡಿದ ಒಂದು ಕೆಲಸದ ಬಗ್ಗೆ.

ಎರಡು ವರ್ಷದ ಹಿಂದೆ ಒಂದು ಸಂಶೋಧನಾ ತಂಡ ಚಿಕ್ಕಮಗಳೂರಿಗೆ ಬಂತು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಶುರು ಮಾಡಿದವರು ನಡುವೆ ಯಾಕೆ ಬಿಟ್ಟುಬಿಡುತ್ತಾರೆ ಅನ್ನೋದು ಅವರ ಪ್ರಶ್ನೆ. ಕಾಯಿಲೆ ಅನುಭವಿಸಿದವರನ್ನೇ ಸಹ ಸಂಶೋಧಕರಾಗಿ ಸೇರಿಸಿಕೊಳ್ಳುತ್ತೇವೆ ಅಂದರು. ನಾವು ಮೂರು ಜನ ಸೇರಿದೆವು. ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟದ ಕೂಲಿಕಾರರ ಲೈನ್ ಮನೆಗಳಿಗೆ ಹೋಗಿ ಮಾತಾಡಿಸುವುದು, ಆಮೇಲೆ ಆ ಮಾತುಗಳನ್ನು ಕೂತು ಓದಿ ಅರ್ಥ ಮಾಡುವುದು ನಮ್ಮ ಕೆಲಸ. ಅವರವರ ಹೋಬಳಿಗೆ ಅವರೇ ಹೋಗಬಾರದು ಅಂತ ನಾವೇ ನಿಯಮ ಮಾಡಿಕೊಂಡೆವು. ನಮ್ಮ ಕಡೆ ಬಸ್ಸಲ್ಲಿ ಪಕ್ಕ ಕೂತವರಿಗೂ ನಮ್ಮ ಮನೆ ವಿಷಯ ಗೊತ್ತಿರುತ್ತೆ. ಗುರುತಿನವರ ಎದುರು ಯಾರು ಬಾಯಿ ಬಿಡುತ್ತಾರೆ ಹೇಳಿ?

ತಂಡ ತಂದಿದ್ದ ಪ್ರಶ್ನೆಪಟ್ಟಿಯಲ್ಲಿ ಮೊದಲ ಪ್ರಶ್ನೆ ‘ನೀವು ಮಾತ್ರೆ ಯಾಕೆ ನಿಲ್ಲಿಸಿದಿರಿ?’ ಅಂತ ಇತ್ತು. ಇದನ್ನು ನಾವು ಮೂರೂ ಜನ ಬೇಡ ಅಂದೆವು. ಡಾಕ್ಟರು, ಅಮ್ಮ, ಅತ್ತಿಗೆ, ಎಲ್ಲರೂ ಬೈಯುವ ಮುಂಚೆ ಕೇಳುವ ಪ್ರಶ್ನೆ ಅದು. ಅದು ಕಿವಿಗೆ ಬಿದ್ದ ಕೂಡಲೇ ‘ಮರೆತು ಹೋಯ್ತು’ ಅಂತ ಬಾಯಿಗೆ ಬಂದುಬಿಡುತ್ತೆ. ಅದರ ಬದಲು ‘ಮಾತ್ರೆ ತಗೊಂಡ ಮಾರನೇ ದಿನ ಬೆಳಗ್ಗೆ ಹೇಗಿರುತ್ತೆ?’ ಅಂತ ಕೇಳಿದೆವು. ಒಬ್ಬ ಹೆಂಗಸು ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಕಣ್ಣೇ ಬಿಡಕ್ಕಾಗಲ್ಲ ಅಕ್ಕಾ. ಹಣ್ಣು ಕೊಯ್ಯೋ ಟೈಮಲ್ಲಿ ಕೆಜಿ ಲೆಕ್ಕ. ನಾನು ಗಿಡ ಹಿಡ್ಕೊಂಡು ತೂಗಡಿಸ್ತಿದ್ರೆ ರೈಟರ್ ಏನು ಬರ್ಕೊಳ್ತಾನೆ? ಅದಕ್ಕೇ ಎರಡು ತಿಂಗಳು ಬಿಟ್ಟೆ.”

ಈ ಮಾತಿಗೆ ಹೆಸರು ಇಡುವಾಗಲೇ ಜಗಳ ಬಂದಿದ್ದು. ಇಂಥ ಅಧ್ಯಯನದಲ್ಲಿ ಸಂದರ್ಶನವನ್ನು ಪದಪದವಾಗಿ ಬರೆದುಕೊಂಡು, ಒಂದೊಂದು ಮಾತಿಗೂ ಒಂದೊಂದು ಚಿಕ್ಕ ಹೆಸರು ಕೊಡುತ್ತಾರೆ. ಅದಕ್ಕೆ ಕೋಡಿಂಗ್ ಅನ್ನುತ್ತಾರೆ. ಕೊನೆಗೆ ವರದಿಗೆ ಹೋಗುವುದು ಈ ಹೆಸರುಗಳೇ. ತಂಡದವರೊಬ್ಬರು ಆ ಹೆಂಗಸಿನ ಮಾತಿಗೆ ‘ಕಾಯಿಲೆಯ ಅರಿವಿಲ್ಲ’ ಅಂತ ಬರೆದಿದ್ದರು. ನಾನು ಬರೆದಿದ್ದು ‘ನಿದ್ದೆಯಿಂದ ಕೂಲಿ ನಷ್ಟ’. ಮೊದಲ ಹೆಸರು ಉಳಿದರೆ ವರದಿ ‘ಜಾಗೃತಿ ಶಿಬಿರ ಮಾಡಿ’ ಅನ್ನುತ್ತೆ. ಎರಡನೆಯದು ಉಳಿದರೆ ‘ಕೊಯ್ಲು ಶುರುವಾಗುವ ಮುಂಚೆ ಮಾತ್ರೆಯ ಹೊತ್ತು, ಪ್ರಮಾಣದ ಬಗ್ಗೆ ಡಾಕ್ಟರು ರೋಗಿ ಜೊತೆ ಮಾತಾಡಬೇಕು’ ಅನ್ನುತ್ತೆ. ಮಾತು ಒಂದೇ, ಹೆಸರು ಬದಲಾದರೆ ಪರಿಹಾರವೇ ಬೇರೆ ಆಗುತ್ತೆ.

ನಾನು ಪಟ್ಟು ಬಿಡಲಿಲ್ಲ. ದನಿ ಸ್ವಲ್ಪ ಏರಿತ್ತು, ನಿಜ. ಆಗ ಮೀಟಿಂಗಲ್ಲಿ ಒಬ್ಬರು ತುಂಬಾ ಮೆತ್ತಗೆ ಕೇಳಿದರು, “ಮೇಡಂ, ಇವತ್ತು ಹುಷಾರಾಗಿದೀರಾ? ಮಾತ್ರೆ ತಗೊಂಡ್ರಾ?”

ಅವರು ಕೆಟ್ಟವರಲ್ಲ. ಕಾಳಜಿಯಿಂದಲೇ ಕೇಳಿರಬಹುದು. ಆದರೆ ಆ ಒಂದು ಪ್ರಶ್ನೆ ಬಿದ್ದ ಮೇಲೆ ನನ್ನ ವಾದ ವಾದವಾಗಿ ಉಳಿಯಲಿಲ್ಲ, ಕಾಯಿಲೆಯ ಲಕ್ಷಣ ಆಗಿಹೋಯಿತು. ಅಲ್ಲಿ ಬೇರೆ ಯಾರೇ ದನಿ ಏರಿಸಿದ್ದರೂ ಅವರ ಬಿಪಿ ಮಾತ್ರೆ ಬಗ್ಗೆ ಯಾರೂ ಕೇಳುತ್ತಿರಲಿಲ್ಲ.

ಅದಾದ ಮೇಲೆ ನಾವು ಎರಡು ವಿಷಯ ಬರವಣಿಗೆಯಲ್ಲಿ ಹಾಕಿಸಿದೆವು. ಒಂದು, ಮೀಟಿಂಗಲ್ಲಿ ಯಾರ ಆರೋಗ್ಯದ ಬಗ್ಗೆಯೂ ಮಾತಿಲ್ಲ. ನಾನು ಹುಷಾರಿಲ್ಲದಂತೆ ಕಂಡರೆ ನಾನೇ ಆರಿಸಿದ ಒಬ್ಬರು ಮಾತ್ರ, ಬೇರೆಯಾಗಿ ಕೇಳಬೇಕು. ಇನ್ನೊಂದು, ಹೆಸರಿನ ಬಗ್ಗೆ ಜಗಳ ಬಂದರೆ ಡಿಗ್ರಿ ಇದ್ದವರ ಮಾತು ಗೆಲ್ಲುವಂತಿಲ್ಲ. ಎರಡೂ ಹೆಸರು ಉಳಿಸಿ, ಪೂರ್ತಿ ಸಂದರ್ಶನ ಮತ್ತೆ ಓದಿ, ಯಾಕೆ ಇದು, ಯಾಕೆ ಅದಲ್ಲ ಅಂತ ಕಾರಣ ಬರೆದಿಡಬೇಕು. ಹಾಗೆ ಮತ್ತೆ ಓದಿದಾಗ ಅದೇ ಹೆಂಗಸು ಮುಂದೆ “ಕೊಯ್ಲು ಮುಗಿದ ಮೇಲೆ ನಾನೇ ಆಸ್ಪತ್ರೆಗೆ ಹೋಗಿ ಮತ್ತೆ ಶುರು ಮಾಡಿದೆ” ಅಂದಿದ್ದು ಸಿಕ್ಕಿತು. ಅರಿವಿಲ್ಲದವರು ಹಾಗೆ ಮಾಡುತ್ತಾರಾ?

ಇನ್ನು ದುಡ್ಡು. ದಿನಕ್ಕೆ 500 ರೂಪಾಯಿ ‘ಗೌರವಧನ’ ಅಂದರು, ಬಸ್ ಚಾರ್ಜ್ ಅದರಲ್ಲೇ. ನಾನು 22 ದಿನ ಲೈನ್ ಮನೆಗಳಿಗೆ ಹೋದೆ. ಅದಕ್ಕೆ 11,000 ಬಂತು, ಅದೂ ನಾಲ್ಕು ತಿಂಗಳು ತಡವಾಗಿ. ಮನೆಯಲ್ಲಿ ಕೂತು ಓದಿ ಕೋಡಿಂಗ್ ಮಾಡಿದ ಒಂಬತ್ತು ದಿನಕ್ಕೆ ಏನೂ ಇಲ್ಲ. ಅದು ಹಾಜರಿಗೆ ಸೇರಲ್ಲವಂತೆ. ಜಾಸ್ತಿ ಕೇಳಿದಾಗ ಬಂದ ಉತ್ತರ, “ಜಾಸ್ತಿ ಕೊಟ್ಟರೆ ಆಮಿಷ ಆಗುತ್ತೆ, ಎಥಿಕ್ಸ್ ಕಮಿಟಿ ಒಪ್ಪಲ್ಲ.”

ಇಲ್ಲಿ ದೊಡ್ಡ ಗೊಂದಲ ಇದೆ. ಆಮಿಷದ ಮಾತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಇರುವುದು ನಿಜ. ಆದರೆ ಅದು ಸಂಶೋಧನೆಗೆ ಒಳಪಡುವವರ ಬಗ್ಗೆ. ದುಡ್ಡಿನ ಆಸೆಗೆ ಯಾರೂ ತಮ್ಮ ಮೇಲೆ ಅಪಾಯ ಎಳೆದುಕೊಳ್ಳಬಾರದು ಅಂತ. ನಾವು ಸಂದರ್ಶನ ಕೊಟ್ಟವರಲ್ಲ, ಮಾಡಿದವರು. ಅದೇ ಕೆಲಸ ಮಾಡಿದ ಫೀಲ್ಡ್ ಅಸಿಸ್ಟೆಂಟ್‌ಗೆ ತಿಂಗಳ ಸಂಬಳ ಇತ್ತು. ಅದನ್ನು ಯಾರೂ ಆಮಿಷ ಅನ್ನಲಿಲ್ಲ. ಕೆಲಸಕ್ಕೆ ಕರೆಯುವಾಗ ಸಂಶೋಧಕರು, ದುಡ್ಡು ಕೊಡುವಾಗ ರೋಗಿಗಳು. ಇದು ಸರಿಯಲ್ಲ.

ಸುಮ್ನೆ ಜಾಸ್ತಿ ಕೊಟ್ಟರೆ ಮುಗಿಯಿತು ಅಂತಲೂ ಅಲ್ಲ. ನಮ್ಮ ಜೊತೆಗಿದ್ದ ಒಬ್ಬರಿಗೆ ಅಂಗವಿಕಲರ ಮಾಸಾಶನ ಬರುತ್ತೆ. ಅದಕ್ಕೆ ಆದಾಯದ ಮಿತಿ ಇದೆ. ಖಾತೆಗೆ ದುಡ್ಡು ಬಿದ್ದು ಮಾಸಾಶನ ನಿಂತುಹೋದರೆ ಅನ್ನುವ ಭಯಕ್ಕೆ ಅವರು ಕೆಲಸ ಮಾಡಿದ ದಿನಗಳಲ್ಲಿ ಅರ್ಧದಷ್ಟನ್ನು ಲೆಕ್ಕಕ್ಕೆ ಬರೆಸಲೇ ಇಲ್ಲ. ಇನ್ನೊಬ್ಬರ ಖಾತೆಯ ಎಟಿಎಂ ಕಾರ್ಡ್ ಅಣ್ಣನ ಹತ್ತಿರ ಇತ್ತು. ದುಡ್ಡು ಬಂದಿದ್ದು ಅವರಿಗೆ ಗೊತ್ತಾಗಿದ್ದೇ ದೀಪಾವಳಿಗೆ. ಕೆಲಸ ಶುರುವಾಗುವ ಮುಂಚೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಗೆ ಬೇಕು, ಯಾವಾಗ ಬೇಕು, ಯಾವ ಖಾತೆಗೆ ಬೇಕು ಅಂತ ಕೇಳಿದ್ದರೆ ಇವೆಲ್ಲ ಆಗಲೇ ಗೊತ್ತಾಗುತ್ತಿತ್ತು. ಹಾಗೆಯೇ, ನಡುವೆ ಕಾಯಿಲೆ ಮರುಕಳಿಸಿದರೆ ಒಪ್ಪಿಕೊಂಡ ದಿನಗಳ ದುಡ್ಡು ಏನಾಗುತ್ತೆ ಅನ್ನುವುದೂ ಮೊದಲೇ ಬರೆದಿರಬೇಕು. ಕಾಯಿಲೆಯ ಅನುಭವ ಇದೆ ಅಂತಲೇ ಕರೆದವರು ಅದೇ ಕಾಯಿಲೆ ಬಂದಾಗ ಗೈರುಹಾಜರಿ ಹಾಕಿದರೆ ಹೇಗೆ?

1969ರಲ್ಲಿ ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ ಅನ್ನುವವರು ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಬರೆದರು. ಕೆಳಗಿನಿಂದ ಎರಡನೇ ಮೆಟ್ಟಿಲಿನ ಹೆಸರು ‘ಚಿಕಿತ್ಸೆ’. ಜನರಿಗೆ ಅಧಿಕಾರ ಕೊಡದೆ, ಅವರನ್ನೇ ಸರಿಮಾಡಬೇಕಾದವರು ಅಂತ ನೋಡುವ ಹಂತ ಅದು. ಅವರು ಬರೆದಿದ್ದು ನಗರ ಯೋಜನೆಗಳ ಬಗ್ಗೆ. ಆದರೆ ಅದನ್ನು ಓದಿದಾಗ ನನಗೆ ನೆನಪಾಗಿದ್ದು, ದುಡ್ಡಿನ ಮಾತು ಬಂದಾಗಲೆಲ್ಲ ನಮಗೆ ಹೇಳುತ್ತಿದ್ದ ಮಾತು. “ಇದರಿಂದ ನಿಮಗೂ ಒಳ್ಳೇದಾಗುತ್ತಲ್ವಾ, ಮನಸ್ಸು ಹಗುರ ಆಗುತ್ತೆ.”

ಆಯಿತು, ಹಗುರವೂ ಆಗಿರಬಹುದು. ಅದು ಕೂಲಿಗೆ ಬದಲಾಗಿ ಕೊಡುವಂಥದ್ದಲ್ಲ.

ನಮ್ಮ ತೊಂದರೆಗಳೆಲ್ಲ ಒಂದೇ ಕಡೆಯಿಂದ ಬಂದವು. ನಮ್ಮನ್ನು ಕರೆಯುವ ಹೊತ್ತಿಗೆ ಪ್ರಶ್ನೆ, ಬಜೆಟ್, ವರದಿಯಲ್ಲಿ ಯಾರ ಹೆಸರು ಎಲ್ಲಿ ಬರಬೇಕು ಎಲ್ಲ ತೀರ್ಮಾನ ಆಗಿಹೋಗಿತ್ತು. ಪ್ರಶ್ನೆಯನ್ನು ಹೇಗೋ ಬದಲಾಯಿಸಿದೆವು. ಬಜೆಟ್ ಮುಟ್ಟಲು ಆಗಲಿಲ್ಲ. ಮಂಜೂರಾದ ಮೇಲೆ ಸಾಲು ಬದಲಾಯಿಸಬೇಕಾದರೆ ದುಡ್ಡು ಕೊಟ್ಟವರ ಒಪ್ಪಿಗೆ ಬೇಕು, ಅದಕ್ಕೆ ಯಾರೂ ಕೈ ಹಾಕಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲೇ ಕಾಯಿಲೆ ಇರುವವರ ಅಥವಾ ಇದ್ದವರ ಪ್ರತಿನಿಧಿಗಳಾಗಿ ಇಬ್ಬರಿಗೆ ಜಾಗ ಇಟ್ಟಿದೆ. ಒಂದು ಅಧ್ಯಯನಕ್ಕೆ ದುಡ್ಡು ಕೇಳುವ ಅರ್ಜಿ ಬರೆಯುವ ಮೇಜಿಗೆ ನಮ್ಮಲ್ಲಿ ಒಬ್ಬರನ್ನು ಕೂರಿಸಲು ಆಗಲ್ವಾ?

ಹೋದ ವಾರ ಹಾಸನ ಕಡೆ ಕೆಲಸ ಮಾಡುವ ಇನ್ನೊಂದು ತಂಡದವರು ಫೋನ್ ಮಾಡಿದ್ದರು, ಸಹ ಸಂಶೋಧಕಿಯಾಗಿ ಬರುತ್ತೀರಾ ಅಂತ. ಅರ್ಜಿ ಇನ್ನೂ ಕಳಿಸಿಲ್ಲವಂತೆ. ಹಾಗಾದರೆ ಮೊದಲು ಬಜೆಟ್ ಹಾಳೆ ಕಳಿಸಿ, ನೋಡಿ ಹೇಳುತ್ತೇನೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋಮವಾರ ಕಳಿಸುತ್ತೇವೆ ಅಂದಿದ್ದಾರೆ.