ಷರತ್ತು ಹಾಕಿದರೆ ಮುಗಿಯಿತೇ?

"ಜಾಹೀರಾತಿನ ಕೊನೆಯಲ್ಲಿ 'ಷರತ್ತುಗಳು ಅನ್ವಯ' ಎಂದು ಹಾಕಿದರೆ ಸಾಕು."

ಸಾಕಾಗಲ್ಲ. ದಾರಿ ತಪ್ಪಿಸುವ ಮಾತನ್ನು ಕೆಳಗಿನ ಸಣ್ಣಕ್ಷರದಲ್ಲಿ ತಿದ್ದುವಂತಿಲ್ಲ ಅಂತ 2022ರ ಜಾಹೀರಾತು ಮಾರ್ಗಸೂಚಿಯೇ ಹೇಳುತ್ತದೆ.

ನಾನೂ ಆನ್‌ಲೈನಲ್ಲಿ ಸೀರೆ ಮಾರುತ್ತೇನೆ. ಮೊದಲು "1,499 ಮಾತ್ರ" ಅಂತ ಪೋಸ್ಟ್ ಹಾಕಿ, ವಿಳಾಸ ಕೊಟ್ಟ ಮೇಲೆ ಕೊರಿಯರ್ 120, ಕ್ಯಾಶ್ ಆನ್ ಡೆಲಿವರಿಗೆ 50 ಸೇರಿಸುತ್ತಿದ್ದೆ. 1,669 ಆಗುತ್ತಿತ್ತು. ಡಾರ್ಕ್ ಪ್ಯಾಟರ್ನ್ ಅಂದರೆ ಕೊಳ್ಳುವವರನ್ನು ಮರುಳು ಮಾಡುವ ಆನ್‌ಲೈನ್ ತಂತ್ರ; ಅದರ ವಿರುದ್ಧದ 2023ರ ಮಾರ್ಗಸೂಚಿ ಇದನ್ನೇ 'ಡ್ರಿಪ್ ಪ್ರೈಸಿಂಗ್' ಅನ್ನುತ್ತದೆ. ಈಗ ಪೋಸ್ಟಿನಲ್ಲೇ "ಕೊರಿಯರ್ ಸೇರಿ 1,619, ಸಿಒಡಿ ಆದರೆ 1,669" ಅಂತ ಬರೆಯುತ್ತೇನೆ.

"ಎರಡೇ ಪೀಸ್ ಉಳಿದಿದೆ" ಅನ್ನೋದೂ ಅಷ್ಟೇ. ಬೀರುವಿನಲ್ಲಿ ಹತ್ತಿದ್ದರೆ ಅದು ಸುಳ್ಳು ಅವಸರ. ಇನ್ನು ಯಾವತ್ತೂ 2,999ಕ್ಕೆ ಮಾರದ ಸೀರೆಯ ಮೇಲೆ 2,999 ಬರೆದು ಗೀಟು ಎಳೆದರೆ ಅದು ರಿಯಾಯಿತಿ ಹೇಗಾಗುತ್ತದೆ, ಹೇಳಿ?