ಎರಡೇ ಮಾತು

ಬೆಳಿಗ್ಗೆ ಆರೂ ಮುಕ್ಕಾಲಿಗೆ ಫೋನು. ಆ ಹೊತ್ತಿಗೆ ಕೊಡಗಿನಲ್ಲಿ ಫೋನು ಬಂದರೆ ಎರಡೇ ಸುದ್ದಿ: ತೋಟಕ್ಕೆ ಆನೆ ನುಗ್ಗಿದೆ, ಇಲ್ಲವೇ ಆಳು ಬರುವುದಿಲ್ಲ. ಇದು ಎರಡನೆಯದು. ಬಾರದ ಆಳು ನಮ್ಮ ಪ್ರಧಾನ ಭಾಷಣಕಾರರು.

"ಗಂಟಲು ಕೂತುಬಿಟ್ಟಿದೆ, ಬೆಂಗಳೂರಿಂದ ಹೊರಟೇ ಇಲ್ಲ" ಎಂದು ಪಿಸುಗುಟ್ಟಿದರು. ಬೆಂಗಳೂರಿಂದ ಮಡಿಕೇರಿಗೆ ಐದಾರು ಗಂಟೆ ದಾರಿ, ಹತ್ತಕ್ಕೆ ನಮ್ಮ ಸಂಘದ ಕಾರ್ಯಕ್ರಮ. ಅಂದರೆ ಬರುವುದಿಲ್ಲ ಎಂಬುದು ಅವರಿಗೆ ನಾಲ್ಕಕ್ಕೇ ಗೊತ್ತಿತ್ತು!

ಸ್ಲೈಡುಗಳನ್ನಾದರೂ ಕಳಿಸಿ ಎಂದೆ. ಕಳಿಸಿದರು. ಹಳೆಯ ನುಡಿ ಫಾಂಟಿನಲ್ಲಿದ್ದ ಕನ್ನಡವೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಂಡಿತು. ಪಿಡಿಎಫ್ ಮಾಡಿ ಕಳಿಸಿ ಎಂದು ಕೇಳುವಷ್ಟರಲ್ಲಿ ಫೋನು ಸ್ವಿಚ್ ಆಫ್.

ಆಗ ಅಧ್ಯಕ್ಷರು ಬಂದರು. "ಚಿಂತೆ ಬೇಡ, ನಾನೇ ಎರಡು ಮಾತು ಆಡ್ತೇನೆ."

ನನಗೆ ನಿಜವಾದ ಚಿಂತೆ ಶುರುವಾದದ್ದು ಆಗ. ಇವರ ಎರಡು ಮಾತಿನಲ್ಲಿ ಮೊದಲನೆಯದು ಸಂಘದ ಸ್ಥಾಪನೆಯಿಂದ ಹೊರಡುತ್ತದೆ. ಎರಡನೆಯದು ಎಲ್ಲಿಂದ ಶುರುವಾಗುತ್ತದೋ ಯಾರೂ ಕಂಡಿಲ್ಲ, ಅಷ್ಟರಲ್ಲಿ ಊಟದ ಗಂಟೆ ಆಗಿರುತ್ತದೆ. "ಕೊನೆಯದಾಗಿ" ಎಂದು ಅವರು ಹೇಳಿದರೆ ಹಳಬರು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗುತ್ತಾರೆ. ಹೋದ ವರ್ಷ ಚೀಟಿ ಕೊಟ್ಟೆವು. ಅದನ್ನು ಮೈಕಿನಲ್ಲೇ ಓದಿದರು: "ಸಮಯ ಮುಗಿಯಿತು ಅಂತ ಬರೆದಿದ್ದಾರೆ. ಸಮಯ ಅಂದಾಗ ನೆನಪಾಯಿತು..."

ಅವರಿಗೆ ಮೈಕು ಸಿಗಬಾರದು ಎಂಬುದೇ ನನ್ನ ಬದಲಿ ಯೋಜನೆಯ ಮೊದಲ ಅಂಶವಾಯಿತು. ಹನ್ನೆರಡಕ್ಕಿದ್ದ ಬೆಳೆಗಾರರ ಚರ್ಚೆಯನ್ನು ಹತ್ತೂವರೆಗೆ ಎಳೆದುಕೊಂಡೆ. ಮೂವರಲ್ಲಿ ಆ ಹೊತ್ತಿಗೆ ಬರಬಲ್ಲವರು ಒಬ್ಬರೇ, ನಮ್ಮ ಪಕ್ಕದ ತೋಟದ ಮಾವ. "ಭಾಷಣ ಗೀಷಣ ನನಗಾಗದು ಮಾರಾಯ" ಎಂದರು. ಭಾಷಣ ಬೇಡ ಮಾವ, ನಾನು ಕೇಳ್ತೇನೆ, ನೀವು ಹೇಳಿ, ಬರುವಾಗ ಹುಳ ಹಿಡಿದ ಗಿಡ ಒಂದು ತನ್ನಿ ಎಂದೆ. ವಿಷಯ ಹೇಗೂ ಕಾಫಿ ಗಿಡದ ಬಿಳಿ ಕಾಂಡಕೊರಕ.

ಭಾಷಣಕಾರರು ಬಂದಿಲ್ಲ ಎಂದು ಸಭೆಗೆ ಒಂದೇ ವಾಕ್ಯದಲ್ಲಿ ಹೇಳಿದೆ, ಕಾರಣ ಎಳೆಯಲಿಲ್ಲ. ಮೊದಲ ಪ್ರಶ್ನೆ: ಗಿಡಕ್ಕೆ ಹುಳ ಬಿದ್ದದ್ದು ಹೇಗೆ ಗೊತ್ತಾಗುತ್ತೆ? ಮಾವ ಅರೇಬಿಕಾ ಕಾಂಡವನ್ನು ಮುಂದಿನ ಸಾಲಿಗೆ ಕೊಟ್ಟರು. "ಕಣ್ಣಿಂದಲ್ಲ, ಬೆರಳಿಂದ ನೋಡಿ." ತೊಗಟೆಯ ಮೇಲೆ ಉಬ್ಬಿದ ಗೆರೆ ಕೈಗೆ ಸಿಗುತ್ತಿತ್ತು. ಆಮೇಲೆ ಕತ್ತಿಯಿಂದ ವೇದಿಕೆಯ ಮೇಲೇ ಸೀಳಿದರು. ಒಳಗೆ ಪುಡಿ ತುಂಬಿದ ಸುರಂಗ, ಅದರ ತುದಿಯಲ್ಲಿ ಬೆಳ್ಳಗೆ ಮಲಗಿದ್ದ ಹುಳ. ಹಿಂದಿನ ಸಾಲಿನವರೆಲ್ಲ ಎದ್ದು ಮುಂದೆ ಬಂದರು. ಈ ಹುಳ ದುಂಬಿಯಾಗಿ ಹಾರುವ ಏಪ್ರಿಲ್‌ಗೆ ಮುಂಚೆಯೇ ಇಂಥ ಗಿಡ ಹುಡುಕಿ ಕಿತ್ತು ಸುಡಬೇಕು ಎಂದರು ಮಾವ. ನಮ್ಮ ಅಪ್ಪ ಒಂದು ಮಾರ್ಚಿನಲ್ಲಿ ತಾನೇ ನೆಟ್ಟ ಗಿಡಗಳನ್ನು ರಾಶಿ ಹಾಕಿ ಸುಟ್ಟು, ಆ ದಿನ ಕಾಫಿ ಕುಡಿಯದೆ ಮಲಗಿದ್ದು ನೆನಪಾಯಿತು.

ಮುಕ್ಕಾಲು ಗಂಟೆಗೆ ಮೂರೇ ಪ್ರಶ್ನೆ ಸಾಕಾಯಿತು, ಉಳಿದದ್ದನ್ನು ಸಭೆಯೇ ಕೇಳಿತು. ಅಧ್ಯಕ್ಷರು ಎರಡು ಸಲ ಎದ್ದು ಎರಡು ಸಲ ಕೂತರು.

ಸ್ಮರಣಿಕೆಯ ಮೇಲೆ ಮಾತ್ರ ಬಾರದವರ ಹೆಸರು ಕೆತ್ತಿಸಿಯಾಗಿತ್ತು. ಬೇರೆ ಇಲ್ಲದೆ ಅದನ್ನೇ ಕೊಟ್ಟೆವು. ಮಾವ ಕನ್ನಡಕ ಏರಿಸಿ ಓದಿದರು.

"ನನ್ನ ಹೆಸರು ಸ್ವಲ್ಪ ತಪ್ಪು ಹೊಡೆದಿದ್ದಾರೆ. ಇರಲಿ ಬಿಡು."