ತಿದ್ದಬಹುದಾದ ಫೋಟೊ

ಬೆಳಗ್ಗೆ ಒಂದು ಮೇಲ್ ಬಂತು. "ಎಡಿಟೆಬಲ್ ಪಿಪಿಟಿ ಲಗತ್ತಿಸಿದೆ. ಎರಡನೇ ಬಾಕ್ಸಿನಲ್ಲಿ ವಿಭಾಗದ ಹೆಸರು ಬದಲಾಗಿದೆ. ಒಂದೇ ಪದ. ಐದು ನಿಮಿಷದ ಕೆಲಸ."

ಫೈಲ್ ತೆರೆದು ಆ ಪದದ ಮೇಲೆ ಕ್ಲಿಕ್ ಮಾಡಿದೆ. ಪದ ಮಿಸುಕಲಿಲ್ಲ, ಇಡೀ ಸ್ಲೈಡೇ ಎದ್ದು ಬಂತು. ಅಂಚಿನ ಸುತ್ತ ಎಂಟು ಬಿಳಿ ಚುಕ್ಕಿ. ಇರಲಿ ಅಂತ `Ctrl+A` ಒತ್ತಿದೆ. ಆಯ್ಕೆಯಾದದ್ದು ಒಂದೇ ಒಂದು ವಸ್ತು. `Alt+F10` ಒತ್ತಿ ಪಟ್ಟಿ ನೋಡಿದರೆ ಅಲ್ಲೂ ಒಂದೇ ಹೆಸರು: `Picture 1`. ತಲೆಬರಹ, ನಾಲ್ಕು ಬಾಕ್ಸು, ಬಾಣಗಳು, ಬಾರ್ ಚಾರ್ಟು, ಮೂಲೆಯ ಲೋಗೊ ಎಲ್ಲ ಸೇರಿ ಒಂದು ಫೋಟೊ. ಅದಕ್ಕೆ `.pptx` ಅನ್ನೋ ಅಂಗಿ ತೊಡಿಸಿ ಕಳಿಸಿದ್ದರು.

ಫೋನ್ ಮಾಡಿದೆ. "ಸರ್, ಇದು ಇಮೇಜು."

"ಇಲ್ಲಪ್ಪ, ಪಿಪಿಟಿನೇ. ಹೆಸರು ನೋಡಿ."

ಹೆಸರು ನೋಡಿದರೆ ಅವರದ್ದೇ ಸರಿ. ಪವರ್‌ಪಾಯಿಂಟ್‌ನಲ್ಲಿ ಸೇವ್ ಮಾಡುವಾಗ ಬರುವ ಉದ್ದ ಪಟ್ಟಿಯಲ್ಲಿ `PowerPoint Picture Presentation` ಅಂತ ಒಂದು ಸಾಲಿದೆ. ಅದನ್ನು ಒತ್ತಿದರೆ ಪ್ರತಿ ಸ್ಲೈಡೂ ಚಿತ್ರವಾಗುತ್ತದೆ, ಫೈಲಿನ ಬಾಲದಲ್ಲಿ ಮಾತ್ರ ಅದೇ `.pptx`. ನೋಡಲು ಹಣ್ಣಿನ ಬುಟ್ಟಿ, ಕೈ ಹಾಕಿದರೆ ಹಣ್ಣಿನ ಕ್ಯಾಲೆಂಡರ್.

"ಯಾಕೆ ಸರ್ ಹೀಗೆ ಮಾಡಿದ್ರಿ?"

"ಯಾರೂ ತಿದ್ದಬಾರದು ಅಂತ."

"ಈಗ?"

"ಈಗ ತಿದ್ದಬೇಕಲ್ಲ."

ಮೂಲ ಫೈಲ್ ಯಾರ ಹತ್ರ ಇದೆ ಅಂತ ಕೇಳಿದೆ. ಇಂಥ ಕೆಲಸದಲ್ಲಿ ಮೊದಲು ಕೇಳಬೇಕಾದದ್ದೇ ಇದು. ಮೂಲ ಸಿಕ್ಕರೆ ನಿಜಕ್ಕೂ ಐದು ನಿಮಿಷ. ಪಿಡಿಎಫ್ ಸಿಕ್ಕರೂ ಅಕ್ಷರಗಳನ್ನಾದರೂ ಎತ್ತಿಕೊಳ್ಳಬಹುದು. ಆದರೆ ಮೂಲ ಮಾಡಿದವರು ಕೆಲಸ ಬಿಟ್ಟಿದ್ದರು, ಪಿಡಿಎಫ್ ಯಾರೂ ಮಾಡಿರಲಿಲ್ಲ. ಕೊನೆಯ ಆಸೆ ಅಂತ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ `Ungroup` ನೋಡಿದೆ. ಚಿತ್ರ ಇಎಂಎಫ್ ಜಾತಿಯದಾಗಿದ್ದರೆ ಅದು ಬಿಡಿಬಿಡಿಯಾಗಿ ಒಡೆಯುತ್ತದೆ, ಗೆರೆ ಬೇರೆ, ಅಕ್ಷರ ಬೇರೆ. ಇದು ಪಿಎನ್‌ಜಿ. ಬರೀ ಚುಕ್ಕಿಗಳ ರಾಶಿ. ಆ ಆಯ್ಕೆ ಮಸುಕಾಗಿ ಕೂತಿತ್ತು, ನನ್ನ ಮುಖದ ಹಾಗೆ.

ಸರಿ, ಹೊಸದಾಗಿ ಕಟ್ಟಬೇಕು. ಚಿತ್ರವನ್ನು ಸ್ಲೈಡ್ ಮಾಸ್ಟರ್‌ಗೆ ತಳ್ಳಿ, ಅರ್ಧ ಪಾರದರ್ಶಕ ಮಾಡಿದೆ. ಅಲ್ಲಿದ್ದರೆ ಮೌಸ್‌ಗೆ ಸಿಕ್ಕಿ ಜರುಗುವುದಿಲ್ಲ. ಅದರ ಮೇಲೆ ನಮ್ಮ ಬಾಕ್ಸು ಎಳೆಯುತ್ತ ಹೋಗುವುದು. ಒಂದೇ ಒಂದು ಅದೃಷ್ಟ ಇತ್ತು. ಚಿತ್ರದ ಅಳತೆ 1280 × 720 ಪಿಕ್ಸೆಲ್. ಅಗಲ ಸ್ಲೈಡಿನ ಅಳತೆ 13.333 × 7.5 ಇಂಚು. ಅಂದರೆ ಒಂದು ಇಂಚಿಗೆ ಸರಿಯಾಗಿ 96 ಪಿಕ್ಸೆಲ್. ಚಿತ್ರದಲ್ಲಿ ಬಾಕ್ಸಿನ ಎಡ ಅಂಚು 144ನೇ ಪಿಕ್ಸೆಲ್‌ನಲ್ಲಿದ್ದರೆ ಸ್ಲೈಡಿನಲ್ಲಿ 1.5 ಇಂಚು. ಕಣ್ಣಂದಾಜಿಗೆ ಎಳೆಯುವ ಬದಲು ಅಂಕಿಯನ್ನೇ ಟೈಪ್ ಮಾಡಿದೆ. ನಾಲ್ಕು ಬಾಕ್ಸೂ ಸಾಲಾಗಿ ನಿಂತವು.

ಬಾಕ್ಸಿನೊಳಗಿನ ಅಕ್ಷರವನ್ನು ಬಾಕ್ಸಿನೊಳಗೇ ಟೈಪ್ ಮಾಡಬೇಕು, ಮೇಲೆ ಬೇರೆ ಟೆಕ್ಸ್ಟ್ ಬಾಕ್ಸ್ ತೇಲಿಸಬಾರದು. ಬಾಣಕ್ಕೆ ಕನೆಕ್ಟರ್ ಹಾಕಬೇಕು, ಸುಮ್ನೆ ಗೆರೆ ಎಳೆಯಬಾರದು. ಕನೆಕ್ಟರ್ ಬಾಕ್ಸಿಗೆ ಅಂಟಿಕೊಂಡಿದೆಯೋ ಇಲ್ಲವೋ ಅಂತ ತಿಳಿಯಲು ಬಾಕ್ಸನ್ನು ಸ್ವಲ್ಪ ಎಳೆದು ನೋಡಿದರೆ ಸಾಕು. ಬಾಣ ಹಿಂದೆಯೇ ಬಂದರೆ ಅಂಟಿದೆ. ಬರದಿದ್ದರೆ ನೀವು ಮಾಡಿದ್ದೂ ಇನ್ನೊಂದು ಫೋಟೊನೇ, ಸ್ವಲ್ಪ ದುಬಾರಿಯದು ಅಷ್ಟೆ.

ಟೈಪ್ ಮಾಡುವ ಶ್ರಮ ಉಳಿಸೋಣ ಅಂತ ಚಿತ್ರದಿಂದ ಅಕ್ಷರ ಓದುವ ಸಾಫ್ಟ್‌ವೇರ್‌ಗೆ ಸ್ಲೈಡ್ ತಿನ್ನಿಸಿದೆ:

```
tesseract slide.png out -l kan+eng
```

ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವಿತ್ತು. ಅವು ಕಣ್ಣಿಗೆ ಬಿದ್ದವು, ಸರಿಮಾಡಿದೆ. ಕಣ್ಣಿಗೆ ಬೀಳದ ತಪ್ಪೇ ಕಷ್ಟ. "ಸಂಖ್ಯೆ" ಅನ್ನೋ ಪದ ನೋಡಲು ಚೆನ್ನಾಗೇ ಇತ್ತು. `Ctrl+F` ಹಾಕಿ ಹುಡುಕಿದರೆ ಸಿಗಲೇ ಇಲ್ಲ. ಆಮೇಲೆ ಗೊತ್ತಾಯಿತು, ಅಲ್ಲಿದ್ದದ್ದು ಅನುಸ್ವಾರ ಅಲ್ಲ, ಕನ್ನಡದ ಸೊನ್ನೆ. "ಸ೦ಖ್ಯೆ". ವ್ಯತ್ಯಾಸ ಕಾಣಿಸಿತಾ? ನನಗೂ ಇಲ್ಲ. ಹೀಗೆ ಪದವೊಂದು ಎದುರಿಗೇ ಕೂತು, ಹುಡುಕಿದಾಗ ಮನೆಯಲ್ಲಿ ಇಲ್ಲ ಅನ್ನುತ್ತದೆ.

ಊಟದ ಹೊತ್ತಿಗೆ ಎಲ್ಲ ಮುಗಿದು ಚಾರ್ಟ್ ಒಂದೇ ಉಳಿದಿತ್ತು. ನಾಲ್ಕು ವರ್ಷಕ್ಕೆ ನಾಲ್ಕು ಕಂಬ. ನೆತ್ತಿಯ ಮೇಲೆ ಅಂಕಿ: 52, 58, 61, 64. ನಾಲ್ಕು ಆಯತ ಎಳೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮುಂದಿನ ವರ್ಷ ಐದನೇ ಕಂಬ ಬರುತ್ತದೆ, ಅವರು ಮತ್ತೆ ನನಗೇ ಮೇಲ್ ಹಾಕುತ್ತಾರೆ. ಅದಕ್ಕೇ ನಿಜವಾದ ಚಾರ್ಟ್ ಸೇರಿಸಿ, ಅದರ ಬೆನ್ನಿಗಿರುವ ಎಕ್ಸೆಲ್ ಹಾಳೆಯಲ್ಲಿ ಅಂಕಿ ತುಂಬಿದೆ. ಅಕ್ಷವನ್ನು 0ರಿಂದ 100ಕ್ಕೆ ಹೊಂದಿಸಿ ಚಿತ್ರದ ಮೇಲೆ ಕೂರಿಸಿದೆ. ಮೂರು ಕಂಬ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಹೊಂದಿದವು. ನಾಲ್ಕನೆಯದು ಹೊಂದಲಿಲ್ಲ. ನನ್ನ ಕಂಬದ ಹಿಂದಿನಿಂದ ಹಳೆಯದು ತಲೆ ಎತ್ತಿ ಇಣುಕುತ್ತಿತ್ತು.

ನಾನೇ ತಪ್ಪಿದೆ ಅಂದುಕೊಂಡು ಪಿಕ್ಸೆಲ್ ಎಣಿಸಿದೆ. ಚಿತ್ರದಲ್ಲಿ ಸೊನ್ನೆಯ ಗೆರೆ ಮೇಲಿನಿಂದ 610ನೇ ಪಿಕ್ಸೆಲ್‌ನಲ್ಲಿ, 100ರ ಗೆರೆ 210ರಲ್ಲಿ. ನಡುವೆ 400 ಪಿಕ್ಸೆಲ್, ಅಂದರೆ ಒಂದು ಅಂಕಕ್ಕೆ 4. ಮೊದಲ ಕಂಬದ ತುದಿ 402ರಲ್ಲಿ. 610ರಿಂದ ಕಳೆದರೆ 208, ನಾಲ್ಕರಿಂದ ಭಾಗಿಸಿದರೆ 52. ಸರಿ. ಕೊನೆಯ ಕಂಬದ ತುದಿ 290ರಲ್ಲಿ. ಕಳೆದರೆ 320, ಭಾಗಿಸಿದರೆ 80. ಅಂಕಿ 64, ಕಂಬ 80! ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಮಸುಕಾಗಿರುತ್ತದೆ ನಿಜ. ಅದರಿಂದ ಅರ್ಧ ಅಂಕ ಆಚೀಚೆ ಆಗಬಹುದು, ಹದಿನಾರು ಅಂಕ ಆಗುವುದಿಲ್ಲ. ಮೂಲದಲ್ಲಿ ಚಾರ್ಟೇ ಇರಲಿಲ್ಲ. ಇದ್ದದ್ದು ನಾಲ್ಕು ಆಯತ, ಮತ್ತು ಕೊನೆಯದನ್ನು ಪ್ರೀತಿಯಿಂದ ಮೇಲಕ್ಕೆ ಎಳೆದ ಒಂದು ಕೈ.

ಯಾರೂ ತಿದ್ದಬಾರದು ಅಂತ ಫೋಟೊ ಮಾಡಿದ್ದು ಯಾಕೆ ಅಂತ ನನಗೆ ಆಗ ಸ್ವಲ್ಪ ಅರ್ಥವಾಯಿತು.

ಹೊಸ ಫೈಲ್ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್.

"ಚೆನ್ನಾಗಿದೆ ರೀ, ಎಲ್ಲ ಎಡಿಟ್ ಆಗ್ತಾ ಇದೆ. ಆದರೆ ಬೆಳವಣಿಗೆ ಯಾಕೆ ಕಮ್ಮಿ ಮಾಡಿದ್ರಿ?"

"ನಾನು ಮಾಡಿಲ್ಲ ಸರ್. 64 ಅಂತ ಹಾಕಿದರೆ ಅದು 64ರಷ್ಟೇ ಎತ್ತರ ನಿಲ್ಲುತ್ತೆ."

"ಮೊದಲಿನ ಹಾಗೆ ಕಾಣಬೇಕು."

"ಹಾಳೆಯಲ್ಲಿ 80 ಅಂತ ಹಾಕಬೇಕಾಗುತ್ತೆ. ಆಗ ಮೇಲೂ 80 ಅಂತಾನೇ ಬರುತ್ತೆ."

"ಅಯ್ಯೋ, 80 ಅಂತ ಹಾಕಬೇಡಿ. ಅದು ಸುಳ್ಳಾಗುತ್ತೆ. ಅಂಕಿ 64ನೇ ಇರಲಿ, ಕಂಬ ಮಾತ್ರ ಹಳೇದು ಇರಲಿ."

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವರಿಗೇ ಹೊಳೆಯಿತು.

"ಒಂದು ಕೆಲಸ ಮಾಡಿ. ಬಾಕ್ಸು, ಬಾಣ ಎಲ್ಲ ಹೀಗೇ ಇರಲಿ. ಆ ಚಾರ್ಟ್ ಒಂದನ್ನು ಹಳೇ ಸ್ಲೈಡಿನಿಂದ ಕತ್ತರಿಸಿ, ಫೋಟೊ ಮಾಡಿ ಅಂಟಿಸಿಬಿಡಿ. ಐದು ನಿಮಿಷದ ಕೆಲಸ, ಅಲ್ವಾ?"